ಅಸಮತೋಲನಕ್ಕೆ ಸ್ಮೋಟ್ ಮದ್ದಲ್ಲ

ಬೆಂಗಳೂರಿನ ಡೇಟಾ ಸೈನ್ಸ್ ಇಂಟರ್‌ವ್ಯೂಗಳಲ್ಲಿ ತಪ್ಪದೆ ಬರುವ ಪ್ರಶ್ನೆಯೊಂದಿದೆ: ‘ನಿಮ್ಮ ಡೇಟಾದಲ್ಲಿ ನೂರಕ್ಕೆ ಒಂದೇ ಪಾಸಿಟಿವ್ ಇದೆ, ಏನು ಮಾಡ್ತೀರಿ?’ ಉತ್ತರವೂ ಅಷ್ಟೇ ಬಾಯಿಪಾಠ: ‘ಸ್ಮೋಟ್ ಹಾಕಿ ಬ್ಯಾಲೆನ್ಸ್ ಮಾಡ್ತೀನಿ ಸರ್.’ ಕೇಳಿದವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಕೋಚಿಂಗ್ ಕ್ಲಾಸುಗಳು ಇದನ್ನೇ ಹೇಳಿಕೊಡುತ್ತವೆ, ಕೆಲಸಕ್ಕೆ ಸೇರಿದ ಮೇಲೆ ಹೊಸಬರು ಇದನ್ನೇ ಮಾಡುತ್ತಾರೆ. ಎರಡು ವರ್ಗಗಳ ಎಣಿಕೆ ಸಮನಾಗಿಲ್ಲದಿದ್ದರೆ ಅದೊಂದು ರೋಗ, ಮಾಡೆಲ್ ಕಟ್ಟುವ ಮೊದಲು ಅದನ್ನು ವಾಸಿ ಮಾಡಬೇಕು ಎಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಎಣಿಕೆ ಹೆಚ್ಚುಕಡಿಮೆ ಇರುವುದು ಜಗತ್ತಿನ ಸ್ಥಿತಿ. ಅದನ್ನು ಅಳಿಸಿಹಾಕಿ ಕಲಿಸಿದ ಮಾಡೆಲ್ ಸುಳ್ಳು ಸಂಭವನೀಯತೆ ಹೇಳುತ್ತದೆ. ಆ ಸುಳ್ಳಿನ ಮೇಲೆ ತೆಗೆದುಕೊಂಡ ತೀರ್ಮಾನಕ್ಕೆ ಬೆಲೆ ತೆರುವವರು ಬೇರೆಯವರು.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಮಂಡಿಸೋಣ. ಈ ಕ್ಷೇತ್ರದಲ್ಲಿ ಎಲ್ಲರೂ ಒಮ್ಮೆಯಾದರೂ ಕೈಯಾಡಿಸಿರುವ ಡೇಟಾ ಒಂದಿದೆ. ಬ್ರಸೆಲ್ಸ್‌ನ ಫ್ರೆಂಚ್ ಭಾಷೆಯ ಸ್ವತಂತ್ರ ವಿಶ್ವವಿದ್ಯಾಲಯದ ಮಷಿನ್ ಲರ್ನಿಂಗ್ ತಂಡವು ವರ್ಲ್ಡ್‌ಲೈನ್ ಕಂಪನಿಯ ಜೊತೆಗಿನ ಸಂಶೋಧನೆಯಿಂದ ಬಿಡುಗಡೆ ಮಾಡಿದ ಕ್ರೆಡಿಟ್ ಕಾರ್ಡ್ ವಹಿವಾಟುಗಳು ಅವು. 2013ರ ಸೆಪ್ಟೆಂಬರ್‌ನ ಎರಡು ದಿನಗಳಲ್ಲಿ ಯುರೋಪಿನ ಕಾರ್ಡುದಾರರು ಮಾಡಿದ 2,84,807 ವಹಿವಾಟುಗಳಲ್ಲಿ 492 ವಂಚನೆಗಳು, ಅಂದರೆ ಶೇ 0.17. ‘ಯಾವುದೂ ವಂಚನೆಯಲ್ಲ’ ಎಂದು ಕಣ್ಣುಮುಚ್ಚಿ ಹೇಳುವ ಮಾಡೆಲ್‌ಗೂ ಶೇ 99.83 ನಿಖರತೆ ಸಿಗುತ್ತದೆ. ನಿಜವಾಗಿಯೂ ಕಲಿತ ಮಾಡೆಲ್ ಕೂಡ, ಉದಾಹರಣೆಗೆ ಒಂದು ಸಾಧಾರಣ ಲಾಜಿಸ್ಟಿಕ್ ರಿಗ್ರೆಶನ್, ಸಾಕಷ್ಟು ವಂಚನೆಗಳನ್ನು ಕೈಬಿಡುತ್ತದೆ. ಇದನ್ನು ಕಂಡವರು ‘ಮಾಡೆಲ್ ಬಹುಸಂಖ್ಯಾತರ ಕಡೆ ವಾಲಿದೆ, ಅದು ವಂಚನೆಯನ್ನು ಕಲಿತೇ ಇಲ್ಲ’ ಎಂಬ ನಿರ್ಣಯಕ್ಕೆ ಬರುತ್ತಾರೆ. ಅಲ್ಲಿಂದ ಎಣಿಕೆ ಸಮ ಮಾಡುವ ಮೂರು ದಾರಿಗಳು ತೆರೆದುಕೊಳ್ಳುತ್ತವೆ. ಹೆಚ್ಚಿರುವುದನ್ನು ಕಿತ್ತು ಬಿಸಾಡುವುದು ಅಂಡರ್‌ಸ್ಯಾಂಪ್ಲಿಂಗ್. ಕಡಿಮೆಯಿರುವುದನ್ನು ನಕಲು ಮಾಡಿ ಅಥವಾ ಕೃತಕವಾಗಿ ಸೃಷ್ಟಿಸಿ ಹೆಚ್ಚಿಸುವುದು ಓವರ್‌ಸ್ಯಾಂಪ್ಲಿಂಗ್. ಸಾಲುಗಳನ್ನು ಮುಟ್ಟದೆ, ಕಡಿಮೆಯಿರುವ ವರ್ಗದ ತಪ್ಪಿಗೆ ಹೆಚ್ಚು ತೂಕ ಕೊಡುವುದು ಕ್ಲಾಸ್ ವೇಟ್.

ನಿಖರತೆ ಇಲ್ಲಿ ನಂಬಲರ್ಹ ಅಳತೆಯಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅಲ್ಲಿಂದ ‘ಮಾಡೆಲ್ ಕಲಿತಿಲ್ಲ’ ಎಂಬಲ್ಲಿಗೆ ಜಿಗಿಯುವ ಹೆಜ್ಜೆ ಒಪ್ಪತಕ್ಕದ್ದಲ್ಲ. ಮಾಡೆಲ್ ನಮಗೆ ಕೊಡುವುದು ಒಂದು ಸಂಭವನೀಯತೆ. ಒಂದು ವಹಿವಾಟಿಗೆ ಅದು ಶೇ 6 ಎಂದು ಹೇಳಿತು ಎಂದಿಟ್ಟುಕೊಳ್ಳಿ. ಸಾಮಾನ್ಯ ವಹಿವಾಟಿನ ಅಪಾಯ ಶೇ 0.17 ಇರುವಲ್ಲಿ ಇದು ಸುಮಾರು 35 ಪಟ್ಟು ಹೆಚ್ಚು. ಮಾಡೆಲ್ ಏನೋ ಗಂಭೀರವಾದುದನ್ನು ಕಂಡಿದೆ ಎಂದರ್ಥ. ಅದರ ಮೇಲೆ `predict()` ಕರೆದ ಕೂಡಲೇ ಉತ್ತರ ಸೊನ್ನೆ. ಯಾಕೆಂದರೆ ಆ ಫಂಕ್ಷನ್‌ನೊಳಗೆ 0.5 ಎಂಬ ಗೆರೆ ಕೂತಿದೆ. ಆ 0.5 ನಿಮ್ಮ ಬ್ಯಾಂಕಿನದಲ್ಲ, ನಿಮ್ಮ ಗ್ರಾಹಕರದಲ್ಲ, ಲೈಬ್ರರಿ ಬರೆದವರು ಇಟ್ಟ ಪೂರ್ವನಿಗದಿ. ಎರಡೂ ಬಗೆಯ ತಪ್ಪಿಗೆ ಒಂದೇ ಬೆಲೆ ಇದ್ದಾಗ ಮಾತ್ರ ಅದು ಸರಿ. ವಂಚನೆಯನ್ನು ಬಿಟ್ಟುಬಿಡುವುದಕ್ಕೂ ಸಾಚಾ ಗ್ರಾಹಕನಿಗೊಂದು ಫೋನ್ ಮಾಡುವುದಕ್ಕೂ ಒಂದೇ ಬೆಲೆ ಎಂದು ಯಾವ ಬ್ಯಾಂಕೂ ಹೇಳುವುದಿಲ್ಲ. ಹಾಗಾದರೆ ತಪ್ಪಿರುವುದು ಗೆರೆಯಲ್ಲಿ. ಗೆರೆಯ ತಪ್ಪನ್ನು ಗೆರೆಯಲ್ಲೇ ತಿದ್ದಬೇಕು. ಡೇಟಾವನ್ನು ತಿದ್ದಬಾರದು.

ಗೆರೆ ಎಲ್ಲಿರಬೇಕು? ಇದಕ್ಕೆ ಊಹೆ ಬೇಕಿಲ್ಲ. ಶಂಕೆ ಬಂದ ಒಂದು ವಹಿವಾಟನ್ನು ತಡೆದು ವಿಚಾರಿಸಲು 5 ಯೂರೋ ಖರ್ಚು ಎಂದುಕೊಳ್ಳೋಣ. ಇದು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡ ಸಂಖ್ಯೆ. ಈ ಡೇಟಾದಲ್ಲಿ ವಂಚನೆಯ ಸರಾಸರಿ ಮೊತ್ತ ಸುಮಾರು 122. ವಿಚಾರಿಸಿದರೆ 5 ಖಂಡಿತ ಹೋಗುತ್ತದೆ. ವಿಚಾರಿಸದೆ ಬಿಟ್ಟರೆ, ವಂಚನೆಯ ಸಂಭವನೀಯತೆ p ಇದ್ದಾಗ, ಸರಾಸರಿಯಲ್ಲಿ p × 122 ಹೋಗುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚಾದಾಗ ವಿಚಾರಿಸಬೇಕು. ಅಂದರೆ p ಯು 5/122ಕ್ಕಿಂತ, ಶೇ 4ರಷ್ಟಕ್ಕಿಂತ, ಹೆಚ್ಚಿದ್ದಾಗ. ನಮ್ಮ ಶೇ 6ರ ವಹಿವಾಟನ್ನು ಈ ಗೆರೆ ಹಿಡಿಯುತ್ತದೆ. ಒಂದೇ ಒಂದು ಸಾಲನ್ನು ಕಿತ್ತುಹಾಕಿಲ್ಲ, ಒಂದೇ ಒಂದು ಕೃತಕ ವಂಚನೆಯನ್ನು ಸೃಷ್ಟಿಸಿಲ್ಲ.

ಈಗ ಅದೇ ಡೇಟಾವನ್ನು ‘ಸಮತೋಲನ’ಕ್ಕೆ ತಂದರೆ ಏನಾಗುತ್ತದೆ ನೋಡೋಣ. 492 ವಂಚನೆಗಳನ್ನು ಹಾಗೇ ಇಟ್ಟು, 2,84,315 ಸಾಚಾ ವಹಿವಾಟುಗಳಲ್ಲಿ 492ನ್ನು ಮಾತ್ರ ಯಾದೃಚ್ಛಿಕವಾಗಿ ಉಳಿಸಿಕೊಂಡು ಮಾಡೆಲ್ ಕಲಿಸುತ್ತೇವೆ. ಈ ಮಾಡೆಲ್ ಬದುಕುವುದು ವಂಚನೆ ಅರ್ಧಕ್ಕರ್ಧ ಇರುವ ಒಂದು ಕಲ್ಪಿತ ಊರಿನಲ್ಲಿ. ಅದು ಹೇಳುವ ಸಂಭವನೀಯತೆಯೂ ಆ ಊರಿನದೇ. ಅದನ್ನು ನಮ್ಮ ಊರಿಗೆ ಇಳಿಸುವ ಸೂತ್ರ 2015ರಲ್ಲಿ ದಾಲ್ ಪೊಝೊಲೊ ಮತ್ತು ಸಂಗಡಿಗರು ಬರೆದ ಪ್ರಬಂಧದಲ್ಲಿದೆ. ದಾಲ್ ಪೊಝೊಲೊ ಇದೇ ಬ್ರಸೆಲ್ಸ್ ತಂಡದವರು. ಸಾಚಾ ವಹಿವಾಟುಗಳಲ್ಲಿ ಉಳಿಸಿಕೊಂಡ ಪಾಲು `beta`, ಮಾಡೆಲ್ ಹೇಳಿದ್ದು `p_s`:

```python
def correct(p_s, beta):
    return beta * p_s / (beta * p_s - p_s + 1)

correct(0.99, 492 / 284315)   # 0.146
```

ಆ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ‘ಶೇ 99 ವಂಚನೆ’ ಎಂದು ಮಾಡೆಲ್ ಘಂಟಾಘೋಷವಾಗಿ ಹೇಳಿದ ವಹಿವಾಟಿನಲ್ಲಿ ವಂಚನೆಯ ನಿಜವಾದ ಸಂಭವ ಶೇ 15ಕ್ಕಿಂತಲೂ ಕಡಿಮೆ. ಶೇ 90 ಎಂದದ್ದು ನಿಜದಲ್ಲಿ ಶೇ 1.5. ಶೇ 50 ಎಂದದ್ದು ಶೇ 0.17, ಅಂದರೆ ಏನೂ ಗೊತ್ತಿಲ್ಲದ ಸಾಮಾನ್ಯ ವಹಿವಾಟಿನ ಅಪಾಯದಷ್ಟೇ. ಈ ಸಂಖ್ಯೆಗಳನ್ನು ಡ್ಯಾಶ್‌ಬೋರ್ಡಿನಲ್ಲಿ ಹಾಗೇ ತೋರಿಸಿದರೆ ತನಿಖಾ ವಿಭಾಗದವರು ‘99 ಎಂದಿತ್ತು, ಏನೂ ಸಿಗಲಿಲ್ಲ’ ಎಂದು ಕೆಲವೇ ವಾರಗಳಲ್ಲಿ ಮಾಡೆಲ್ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾರೆ. ಅವರ ಅನುಮಾನ ನ್ಯಾಯವಾದದ್ದೇ.

ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ, ಅದನ್ನು ಯಾರೂ ಗಮನಿಸುವುದಿಲ್ಲ. ಸಮತೋಲನ ಮಾಡಿದ ಮಾಡೆಲ್‌ನಲ್ಲಿ 0.5ರ ಗೆರೆ ಇಟ್ಟರೆ ಅದು ನಿಜದಲ್ಲಿ ಶೇ 0.17ರ ಗೆರೆ. ಯಾವ ಪರಿಸ್ಥಿತಿಯಲ್ಲಿ ಈ ಗೆರೆ ಸರಿ? ಒಂದು ವಂಚನೆಯ ನಷ್ಟ ಒಂದು ವಿಚಾರಣೆಯ ಖರ್ಚಿನ 579 ಪಟ್ಟು ಇದ್ದಾಗ. ವಿಚಾರಣೆಗೆ 5 ಯೂರೋ ಆದರೆ ಪ್ರತಿ ವಂಚನೆಯಲ್ಲೂ ಸರಾಸರಿ 2,895 ಯೂರೋ ಹೋಗುತ್ತಿರಬೇಕು. ಈ ಡೇಟಾದಲ್ಲಿರುವ ಅತಿ ದೊಡ್ಡ ವಂಚನೆಯ ಮೊತ್ತವೇ 2,126ನ್ನು ದಾಟುವುದಿಲ್ಲ. ಎಂದರೆ ಸಮತೋಲನ ಮಾಡಿ 0.5 ಇಟ್ಟವರು, ಸರಾಸರಿ ವಂಚನೆಯು ಅತಿ ದೊಡ್ಡ ವಂಚನೆಗಿಂತ ದೊಡ್ಡದು ಎಂಬ ಅಸಾಧ್ಯ ಊಹೆಯ ಮೇಲೆ ತೀರ್ಮಾನ ತೆಗೆದುಕೊಂಡಿದ್ದಾರೆ. ಆ 579 ಎಲ್ಲಿಂದ ಬಂತು? ಸಾಲುಗಳ ಎಣಿಕೆಯಿಂದ. ಮುಂದಿನ ತಿಂಗಳು ವಂಚನೆಗಳು ಎರಡು ಪಟ್ಟಾದರೆ ಈ ಪದ್ಧತಿಯ ಪ್ರಕಾರ ಒಂದೊಂದು ವಂಚನೆಯ ಬೆಲೆ ತಂತಾನೇ ಅರ್ಧಕ್ಕಿಳಿಯುತ್ತದೆ. ಒಂದು ಘಟನೆ ಎಷ್ಟು ಅಪರೂಪ ಎಂಬುದೂ ಅದು ಎಷ್ಟು ದುಬಾರಿ ಎಂಬುದೂ ಸಂಬಂಧವಿಲ್ಲದ ಎರಡು ವಿಷಯಗಳು. ಸಮತೋಲನವಾದಿಗಳು ಮೊದಲನೆಯದನ್ನು ಎರಡನೆಯದರ ಜಾಗದಲ್ಲಿ ಕೂರಿಸಿಬಿಟ್ಟಿದ್ದಾರೆ. ನನ್ನ ಮುಖ್ಯ ಆಕ್ಷೇಪ ಇದೇ.

‘ಸರಿ, ಸಮತೋಲನ ಮಾಡಿದ ಮೇಲೆ ಗೆರೆಯನ್ನೂ ಹೊಂದಿಸಿಕೊಳ್ಳುತ್ತೇವೆ’ ಎನ್ನುವವರಿದ್ದಾರೆ. ಹೊಂದಿಸಿಕೊಳ್ಳಿ. ನಮ್ಮ ಶೇ 4ರ ಗೆರೆ ಆ ಮಾಡೆಲ್‌ನಲ್ಲಿ 0.96ರ ಹತ್ತಿರ ಬಂದು ಕೂರುತ್ತದೆ. ಗೆರೆ ಹೊಂದಿಸುವ ಕೆಲಸ ಹೇಗೂ ತಪ್ಪಲಿಲ್ಲ ಎಂದ ಮೇಲೆ ನಡುವೆ ಸಮತೋಲನದ ಹೆಜ್ಜೆ ಮಾಡಿದ್ದೇನು? 2,83,823 ಸಾಚಾ ವಹಿವಾಟುಗಳನ್ನು, ಅಂದರೆ ಸಾಚಾ ಗ್ರಾಹಕರು ಹೇಗೆಲ್ಲ ಖರ್ಚು ಮಾಡುತ್ತಾರೆ ಎಂಬ ಅಷ್ಟೂ ಮಾಹಿತಿಯನ್ನು, ಕಸದ ಬುಟ್ಟಿಗೆ ಹಾಕಿತು, ಅಷ್ಟೆ.

ಕ್ಲಾಸ್ ವೇಟ್ ಬಳಸುವವರು ತಾವು ಈ ದೋಷದಿಂದ ಪಾರು ಎಂದು ಭಾವಿಸುತ್ತಾರೆ. ಡೇಟಾ ಕಳೆಯುವುದಿಲ್ಲ, ನಕಲು ಮಾಡುವುದಿಲ್ಲ, ಟ್ರೈನಿಂಗ್ ಸಮಯವೂ ಹೆಚ್ಚುವುದಿಲ್ಲ. ಆ ಮಟ್ಟಿಗೆ ಅದು ಮೂರರಲ್ಲಿ ಅಚ್ಚುಕಟ್ಟಾದ ದಾರಿ, ನಿಜ. ಆದರೆ ಸೈಕಿಟ್-ಲರ್ನ್‌ನಲ್ಲಿ `class_weight="balanced"` ಎಂದು ಬರೆದರೆ ಪ್ರತಿ ವಂಚನೆಗೆ 289, ಪ್ರತಿ ಸಾಚಾ ವಹಿವಾಟಿಗೆ ಸುಮಾರು ಅರ್ಧ ತೂಕ ಬೀಳುತ್ತದೆ. ಅನುಪಾತ 578. ಒಂದು ವಂಚನೆಯನ್ನು 578 ಸಲ ನಕಲು ಮಾಡುವುದಕ್ಕೂ ಅದರ ತಪ್ಪನ್ನು 578 ಪಟ್ಟು ಎಣಿಸುವುದಕ್ಕೂ ನಷ್ಟದ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಲಾಜಿಸ್ಟಿಕ್ ರಿಗ್ರೆಶನ್ ಡೇಟಾಗೆ ಚೆನ್ನಾಗಿ ಹೊಂದುವಂತಿದ್ದರೆ ಈ ತೂಕದಿಂದ ಮುಖ್ಯವಾಗಿ ಬದಲಾಗುವುದು ಒಂದೇ ಸಂಖ್ಯೆ: ಇಂಟರ್‌ಸೆಪ್ಟ್. ಅದು 578ರ ಲಾಗರಿದಮ್‌ನಷ್ಟು, ಸುಮಾರು 6.36, ಮೇಲೇರುತ್ತದೆ. ಉಳಿದ ಗುಣಾಂಕಗಳು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ. ವಹಿವಾಟುಗಳ ಅಪಾಯದ ಕ್ರಮವೂ ಬಹುತೇಕ ಅದೇ. ಎಲ್ಲ ಅಂಕಗಳನ್ನೂ ಒಂದೇ ಅಳತೆಗೆ ಮೇಲೆತ್ತಿ, ಗೆರೆಯನ್ನು 0.5ರಲ್ಲೇ ಬಿಟ್ಟರೆ, ಗೆರೆಯನ್ನು ಕೆಳಗಿಳಿಸಿದಂತೆಯೇ ಆಯಿತು. ವ್ಯತ್ಯಾಸ ಇಷ್ಟೆ: ಗೆರೆ ಇಳಿಸಿದವರಿಗೆ ತಾವು ಮಾಡಿದ್ದೇನು ಎಂಬುದು ಗೊತ್ತಿರುತ್ತದೆ. ಎಕ್ಸ್‌ಜಿಬೂಸ್ಟ್‌ನ ಕೈಪಿಡಿಯೂ ಇದನ್ನು ನೇರವಾಗಿಯೇ ಹೇಳುತ್ತದೆ: ನಿಮಗೆ ಬರೀ ಕ್ರಮ ಬೇಕಿದ್ದರೆ `scale_pos_weight` ಬಳಸಿ, ಸರಿಯಾದ ಸಂಭವನೀಯತೆ ಬೇಕಿದ್ದರೆ ಡೇಟಾದ ಸಮತೋಲನ ಬದಲಿಸುವಂತಿಲ್ಲ. ಆ ಪ್ಯಾರಾಮೀಟರ್ ಬಳಸುವ ಎಷ್ಟು ಜನ ಈ ಸಾಲನ್ನು ಓದಿದ್ದಾರೆ?

ಇನ್ನು ಸ್ಮೋಟ್. 2002ರಲ್ಲಿ ಚಾವ್ಲಾ, ಬೋಯರ್, ಹಾಲ್ ಮತ್ತು ಕೆಗೆಲ್ಮೇಯರ್ ಇದನ್ನು ಪ್ರಕಟಿಸಿದರು. ವಿಧಾನ ಸರಳ: ಕಡಿಮೆಯಿರುವ ವರ್ಗದ ಒಂದು ಬಿಂದುವನ್ನು ಹಿಡಿ, ಅದೇ ವರ್ಗದಲ್ಲಿ ಅದಕ್ಕೆ ಹತ್ತಿರದ ಐದು ಬಿಂದುಗಳಲ್ಲಿ ಒಂದನ್ನು ಆರಿಸು, ಇವೆರಡರ ನಡುವಿನ ಗೆರೆಯ ಮೇಲೆ ಎಲ್ಲೋ ಒಂದು ಕಡೆ ಹೊಸ ಬಿಂದು ಇಡು. ನಮ್ಮ ಡೇಟಾವನ್ನು ಹೀಗೆ ಸಮ ಮಾಡಲು 2,83,823 ಕೃತಕ ವಂಚನೆಗಳು ಬೇಕು. ಒಂದೊಂದು ನಿಜವಾದ ವಂಚನೆಗೆ 577 ಕಲ್ಪಿತ ವಂಚನೆಗಳು. ಇವುಗಳಲ್ಲಿ ಹೊಸ ಮಾಹಿತಿ ಒಂದಿಷ್ಟೂ ಇಲ್ಲ. ಇರುವುದು ಒಂದು ಊಹೆ ಮಾತ್ರ: ಎರಡು ವಂಚನೆಗಳ ನಡುವಿನ ಜಾಗವೂ ವಂಚನೆಯದೇ ಎಂಬ ಊಹೆ. ಕಾರ್ಡ್ ವಂಚನೆಯಲ್ಲಿ ಈ ಊಹೆ ನಿಲ್ಲುವುದಿಲ್ಲ. ಕದ್ದ ಕಾರ್ಡ್ ಕೆಲಸ ಮಾಡುತ್ತದೆಯೇ ಎಂದು ನೋಡಲು ಕಳ್ಳರು ಒಂದು ಯೂರೋ ಕಟ್ಟಿ ನೋಡುವುದುಂಟು, ಆಮೇಲೆ ದೊಡ್ಡ ಮೊತ್ತಕ್ಕೆ ಕೈಹಾಕುವುದುಂಟು. ಉಳಿದ ಲಕ್ಷಣಗಳಲ್ಲಿ ಹತ್ತಿರವಿರುವ ಇಂಥ ಎರಡು ವಂಚನೆಗಳ ನಡುವೆ ಸ್ಮೋಟ್ ಗೆರೆ ಎಳೆದರೆ, ಯಾವ ಕಳ್ಳನೂ ಮಾಡದ, ಆದರೆ ಸಾವಿರಾರು ಸಾಚಾ ಗ್ರಾಹಕರು ದಿನವೂ ಮಾಡುವ ಮಧ್ಯಮ ಮೊತ್ತದ ಖರೀದಿಗಳಿಗೆ ‘ವಂಚನೆ’ ಎಂಬ ಹಣೆಪಟ್ಟಿ ಬೀಳುತ್ತದೆ. ‘ಹತ್ತಿರ’ ಎಂಬುದನ್ನು ಅಳೆಯುವ ಬಗೆಯೂ ಸಡಿಲ. ಮೊತ್ತದ ಕಾಲಂ ಸಾವಿರಗಳಲ್ಲಿದ್ದು ಉಳಿದವು ಒಂದೆರಡರ ಆಸುಪಾಸಿನಲ್ಲಿದ್ದರೆ, ಸ್ಕೇಲ್ ಮಾಡುವುದನ್ನು ಮರೆತಲ್ಲಿ ಮೊತ್ತವೊಂದೇ ನೆರೆಹೊರೆಯನ್ನು ನಿರ್ಧರಿಸುತ್ತದೆ. ಅಂಗಡಿಯ ಬಗೆ, ದೇಶ ಮುಂತಾದ ಕಾಲಂಗಳಿದ್ದರೆ ಅರ್ಧ ಪೆಟ್ರೋಲ್ ಬಂಕ್, ಅರ್ಧ ಔಷಧಿ ಅಂಗಡಿಯಾದ ವಹಿವಾಟುಗಳು ಹುಟ್ಟುತ್ತವೆ. ಇಂಥ ಕಾಲಂಗಳಿಗೆಂದೇ ಸ್ಮೋಟ್‌ನ ಬೇರೆ ರೂಪವಿದೆ. ಬಾಯಿಪಾಠದ ಉತ್ತರದಲ್ಲಿ ಅದರ ಸುದ್ದಿ ಇರುವುದಿಲ್ಲ.

ಹಾಗಾದರೆ ಸ್ಮೋಟ್ ಬಳಸಿದವರ ಪ್ರಾಜೆಕ್ಟುಗಳಲ್ಲಿ ಅಂಕಗಳು ಯಾಕೆ ಅಷ್ಟು ಚೆನ್ನಾಗಿ ಕಾಣುತ್ತವೆ? ಬಹಳ ಕಡೆ ಕಾರಣ ಒಂದೇ: ಇಡೀ ಡೇಟಾಗೆ ಸ್ಮೋಟ್ ಹಾಕಿ, ಆಮೇಲೆ ಟ್ರೈನ್ ಮತ್ತು ಟೆಸ್ಟ್ ಎಂದು ಭಾಗ ಮಾಡಿರುತ್ತಾರೆ. ಇದರಲ್ಲಿ ಎರಡು ತಪ್ಪುಗಳು ಸೇರಿಕೊಂಡಿವೆ. ಟೆಸ್ಟ್‌ಗೆ ಹೋಗಬೇಕಾದ ವಂಚನೆಯೊಂದನ್ನು ಬಳಸಿ ಹುಟ್ಟಿದ ಕೃತಕ ಬಿಂದುಗಳು ಟ್ರೈನಿಂಗ್‌ನಲ್ಲಿ ಕೂರುತ್ತವೆ, ಅಂದರೆ ಪ್ರಶ್ನೆಪತ್ರಿಕೆ ಮೊದಲೇ ಸೋರಿಹೋಗಿದೆ. ಎರಡನೆಯದಾಗಿ ಟೆಸ್ಟ್ ಡೇಟಾವೂ ಅರ್ಧಕ್ಕರ್ಧ ವಂಚನೆಯ ಕಲ್ಪಿತ ಊರಾಗಿಬಿಟ್ಟಿದೆ. ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಿ. ಒಂದು ಮಾಡೆಲ್ ನೂರಕ್ಕೆ 80 ವಂಚನೆಗಳನ್ನು ಹಿಡಿಯುತ್ತದೆ, ಸಾಚಾ ವಹಿವಾಟುಗಳಲ್ಲಿ ನೂರಕ್ಕೆ ಒಂದನ್ನು ತಪ್ಪಾಗಿ ತಡೆಯುತ್ತದೆ. ಸಮತೋಲನದ ಟೆಸ್ಟ್‌ನಲ್ಲಿ ಅದರ ಪ್ರಿಸಿಷನ್ ಶೇ 98.8. ನಿಜವಾದ ಅನುಪಾತದ ಒಂದು ಲಕ್ಷ ವಹಿವಾಟುಗಳಲ್ಲಿ ಇರುವುದು 173 ವಂಚನೆಗಳು. ಅವುಗಳಲ್ಲಿ 138 ಸಿಗುತ್ತವೆ, ಜೊತೆಗೆ 998 ಸಾಚಾ ಗ್ರಾಹಕರ ಕಾರ್ಡ್ ನಿಲ್ಲುತ್ತದೆ. ಪ್ರಿಸಿಷನ್ ಶೇ 12. ಮಾಡೆಲ್ ಅದೇ, ತಪ್ಪುಗಳ ಪ್ರಮಾಣವೂ ಅದೇ. ರೆಸ್ಯೂಮೆಯಲ್ಲಿ 98.8 ಎಂದು ಬರೆದದ್ದು ಬ್ಯಾಂಕಿನಲ್ಲಿ 12 ಆಗುತ್ತದೆ. ಆದ್ದರಿಂದ ಕಲಿಸುವಾಗ ಏನೇ ಮಾಡಿ, ಟೆಸ್ಟ್ ಡೇಟಾವನ್ನು ಮುಟ್ಟಬೇಡಿ. ಕ್ರಾಸ್ ವ್ಯಾಲಿಡೇಶನ್‌ನ ಪ್ರತಿ ಸುತ್ತಿನಲ್ಲೂ ಟ್ರೈನಿಂಗ್ ಭಾಗಕ್ಕೆ ಮಾತ್ರ ಸ್ಯಾಂಪ್ಲಿಂಗ್ ತಗಲಬೇಕು. `imblearn.pipeline` ಇರುವುದೇ ಅದಕ್ಕೆ.

ಇದು ನನ್ನೊಬ್ಬನ ಹಟವಲ್ಲ. 2001ರಲ್ಲೇ ಚಾರ್ಲ್ಸ್ ಎಲ್ಕನ್ ಬೆಲೆಯಾಧಾರಿತ ಕಲಿಕೆಯ ತಳಹದಿಗಳ ಬಗ್ಗೆ ಬರೆದ ಪ್ರಬಂಧದಲ್ಲಿ, ಇರುವ ಡೇಟಾದಿಂದಲೇ ಸಂಭವನೀಯತೆ ಕಲಿತು, ತಪ್ಪುಗಳ ಬೆಲೆಯಿಂದ ಗೆರೆಯನ್ನು ನೇರವಾಗಿ ಲೆಕ್ಕ ಹಾಕುವುದೇ ಉಚಿತ ಎಂದು ತೋರಿಸಿದ್ದರು. 2022ರಲ್ಲಿ ವಾನ್ ಡೆನ್ ಗೂರ್‌ಬರ್ಗ್ ಮತ್ತು ಸಂಗಡಿಗರು ವೈದ್ಯಕೀಯ ಅಪಾಯ ಹೇಳುವ ಲಾಜಿಸ್ಟಿಕ್ ಮಾಡೆಲ್‌ಗಳಲ್ಲಿ ಅಂಡರ್‌ಸ್ಯಾಂಪ್ಲಿಂಗ್, ಓವರ್‌ಸ್ಯಾಂಪ್ಲಿಂಗ್, ಸ್ಮೋಟ್ ಮೂರನ್ನೂ ಒರೆಗೆ ಹಚ್ಚಿದರು. ಕ್ರಮ ಹೇಳುವ ಶಕ್ತಿ ಹೆಚ್ಚಲಿಲ್ಲ, ಅಪಾಯದ ಅಂದಾಜು ಮಾತ್ರ ವಿಪರೀತ ಉಬ್ಬಿತು. ಸಿಕ್ಕ ಲಾಭವೇನಿದ್ದರೂ ಗೆರೆ ಸರಿಸಿದರೇ ಸಿಗುತ್ತಿತ್ತು. ಅದೇ ವರ್ಷ ಎಲೋರ್ ಮತ್ತು ಅವೆರ್‌ಬುಕ್-ಎಲೋರ್ ಹಲವು ಡೇಟಾಗಳ ಮೇಲೆ ಹೋಲಿಸಿ ನೋಡಿ, ಬೂಸ್ಟಿಂಗ್‌ನಂಥ ಬಲವಾದ ಮಾಡೆಲ್‌ಗಳಿಗೆ ಸಮತೋಲನದಿಂದ ಪ್ರಯೋಜನವಿಲ್ಲ, ದುರ್ಬಲ ಮಾಡೆಲ್‌ಗಳಿಗೆ ಇದೆ ಎಂಬ ನಿಲುವಿಗೆ ಬಂದರು.

ಈ ಕೊನೆಯ ಮಾತಿನಲ್ಲಿ ಎದುರಾಳಿಗೂ ಒಂದು ಪಾಲಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಡೇಟಾ ಕೋಟಿಗಟ್ಟಲೆ ಇದ್ದು ಯಂತ್ರಕ್ಕೆ ಹೊರೆಯಾದಾಗ ಸಾಚಾ ವಹಿವಾಟುಗಳಲ್ಲಿ ನೂರಕ್ಕೆ ಹತ್ತನ್ನಷ್ಟೇ ಉಳಿಸಿಕೊಂಡು ಕಲಿಸುವುದು ಸರಿಯಾದ ಕೆಲಸವೇ. ಒಂದೇ ಷರತ್ತು: ಮೇಲೆ ಕೊಟ್ಟ ಸೂತ್ರದಿಂದ ಸಂಭವನೀಯತೆಯನ್ನು ಹಿಂದಕ್ಕೆ ತರಬೇಕು. ಅಲ್ಲಿ ಅಂಡರ್‌ಸ್ಯಾಂಪ್ಲಿಂಗ್ ಖರ್ಚು ಉಳಿಸುವ ಉಪಾಯ. ನ್ಯೂರಲ್ ನೆಟ್‌ವರ್ಕ್ ಕಲಿಸುವಾಗ ಒಂದು ಬ್ಯಾಚಿನಲ್ಲಿ 256 ಸಾಲುಗಳಿದ್ದರೆ, ಈ ಡೇಟಾದಲ್ಲಿ ಬಹುಪಾಲು ಬ್ಯಾಚುಗಳಲ್ಲಿ ಒಂದು ವಂಚನೆಯೂ ಇರುವುದಿಲ್ಲ. ಅಲ್ಲಿ ಕಲಿಕೆ ಸಾಗಲೆಂದು ಸ್ಯಾಂಪ್ಲಿಂಗ್ ಅಥವಾ ತೂಕ ಬಳಸುವುದಕ್ಕೆ ಅರ್ಥವಿದೆ. ಸಂಭವನೀಯತೆಯನ್ನೇ ಕೊಡದ, ಬರೀ ಹೌದು-ಅಲ್ಲ ಎನ್ನುವ ಮಾಡೆಲ್ ಕೈಯಲ್ಲಿದ್ದರೆ ಗೆರೆ ಸರಿಸಲು ಜಾಗವೇ ಇರುವುದಿಲ್ಲ, ತೂಕ ಕೊಡಲೇಬೇಕು. ಆಗಲೂ ಆ ತೂಕ ತಪ್ಪುಗಳ ಬೆಲೆಯಿಂದ ಬರಲಿ, ಸಾಲುಗಳ ಎಣಿಕೆಯಿಂದ ಬೇಡ.

ಅಸಮತೋಲನದ ಹೆಸರಿನಲ್ಲಿ ಬೈಸಿಕೊಳ್ಳುತ್ತಿರುವ ನಿಜವಾದ ಅಪರಾಧಿ ಇನ್ನೊಂದಿದೆ: ಉದಾಹರಣೆಗಳ ಕೊರತೆ. ಒಂದು ಕೋಟಿ ಸಾಲುಗಳಲ್ಲಿ ನೂರಕ್ಕೆ ಒಂದು ಎಂದರೆ ಒಂದು ಲಕ್ಷ ಉದಾಹರಣೆಗಳು, ಯಾವ ಮಾಡೆಲ್‌ಗೂ ಅಷ್ಟು ಸಾಕು. ಎರಡು ಸಾವಿರ ಸಾಲುಗಳಲ್ಲಿ ಅದೇ ನೂರಕ್ಕೆ ಒಂದು ಎಂದರೆ ಇಪ್ಪತ್ತು. ಅನುಪಾತ ಒಂದೇ ಇದ್ದರೂ ಎರಡನೆಯವರು ಕಷ್ಟದಲ್ಲಿದ್ದಾರೆ. ಇಪ್ಪತ್ತನ್ನು ಸ್ಮೋಟ್‌ನಿಂದ ಎರಡು ಸಾವಿರ ಮಾಡಿದರೂ ತಿಳಿವಳಿಕೆ ಇಪ್ಪತ್ತರದ್ದೇ. ಅವರಿಗೆ ಬೇಕಿರುವುದು ಇನ್ನಷ್ಟು ಲೇಬಲ್‌ಗಳು, ಇನ್ನಷ್ಟು ತಿಂಗಳ ಡೇಟಾ, ಸರಳವಾದ ಮಾಡೆಲ್.

ಗೆರೆ ಹೊಂದಿಸುವುದೂ ಪುಕ್ಕಟೆಯ ಕೆಲಸವಲ್ಲ. ಅದರ ಮೊದಲ ಬೇಡಿಕೆ, ಸಂಭವನೀಯತೆ ನಂಬುವಂತಿರಬೇಕು ಎಂಬುದು. ಶೇ 4ರಿಂದ 6 ಎಂದು ಮಾಡೆಲ್ ಹೇಳಿದ ವಹಿವಾಟುಗಳನ್ನೆಲ್ಲ ಒಂದೆಡೆ ಹಾಕಿ ಎಣಿಸಿ. ಅವುಗಳಲ್ಲಿ ಸುಮಾರು ಶೇ 5 ವಂಚನೆ ಇರಬೇಕು. ಇಲ್ಲವಾದರೆ ಮೊದಲು ಕ್ಯಾಲಿಬ್ರೇಶನ್ ಸರಿಪಡಿಸಿ, ಆಮೇಲೆ ಗೆರೆಯ ಮಾತು. ಎರಡನೆಯದು, ಗೆರೆಯನ್ನು ಹೊಂದಿಸಲು ಬಳಸಿದ ಡೇಟಾ ಕಲಿಸಲು ಬಳಸಿದ್ದಾಗಿರಬಾರದು, ಕೊನೆಯ ಟೆಸ್ಟ್ ಕೂಡ ಆಗಿರಬಾರದು. ಸೈಕಿಟ್-ಲರ್ನ್‌ನ 1.5ನೇ ಆವೃತ್ತಿಯಲ್ಲಿ ಬಂದ `TunedThresholdClassifierCV` ಈ ಶಿಸ್ತನ್ನು ತಾನೇ ಪಾಲಿಸುತ್ತದೆ. ಆದರೆ ಯಾವ ಅಳತೆಯನ್ನು ಹೆಚ್ಚಿಸಬೇಕು ಎಂಬುದನ್ನು ನೀವೇ ಹೇಳಬೇಕು. ಎಫ್1 ಎಂದು ಬರೆದು ಕೈತೊಳೆದುಕೊಂಡರೆ ಮತ್ತೆ ಬೆಲೆಯ ಪ್ರಶ್ನೆಯಿಂದ ತಪ್ಪಿಸಿಕೊಂಡಂತೆಯೇ. ಮೂರನೆಯದು ಗದ್ದಲ. ಟೆಸ್ಟ್‌ಗೆ ಐದನೇ ಒಂದು ಭಾಗ ಇಟ್ಟರೆ ಅಲ್ಲಿರುವುದು ಸುಮಾರು 98 ವಂಚನೆಗಳು. ಶೇ 80 ರೀಕಾಲ್ ಎಂದು ಬಂದರೆ ನಿಜವಾದ ಸಂಖ್ಯೆ 72ರಿಂದ 88ರ ನಡುವೆ ಎಲ್ಲಾದರೂ ಇರಬಹುದು. ‘ಸ್ಮೋಟ್ ಹಾಕಿದ ಮೇಲೆ ರೀಕಾಲ್ ಎರಡು ಅಂಶ ಏರಿತು’ ಎಂಬ ವರದಿಗಳ ಗತಿ ಇಲ್ಲೇ ಮುಗಿಯುತ್ತದೆ. ಎರಡು ಅಂಶ ಎಂದರೆ ಎರಡು ವಂಚನೆಗಳು.

ಇಷ್ಟು ಶ್ರಮ ಪಟ್ಟವರಿಗೆ ಸಿಗುವ ಫಲವನ್ನು ಸಮತೋಲನ ಎಂದೂ ಕೊಡಲಾರದು. ಸಂಭವನೀಯತೆ ಸರಿಯಿದ್ದರೆ ಪ್ರತಿ ವಹಿವಾಟಿಗೂ ಅದರದೇ ಗೆರೆ ಇಡಬಹುದು. 1,000 ಯೂರೋ ಪಣಕ್ಕಿದ್ದರೆ ಶೇ 0.5ರ ಶಂಕೆಯೂ ವಿಚಾರಣೆಗೆ ಸಾಕು, 25 ಯೂರೋಗೆ ಶೇ 20 ಬೇಕು. ಪಣಕ್ಕಿರುವುದು ಆ ವಹಿವಾಟಿನ ಮೊತ್ತವೊಂದೇ ಆಗಿರಬೇಕಿಲ್ಲ. ಈ ಡೇಟಾದ ಅರ್ಧದಷ್ಟು ವಂಚನೆಗಳು 10 ಯೂರೋಗಿಂತ ಕಡಿಮೆಯವು. ಪರೀಕ್ಷೆಗೆಂದು ಕಳ್ಳ ಕಟ್ಟಿದ ಒಂದು ಯೂರೋ ಹಿಂದೆ ಕಾರ್ಡಿನ ಪೂರ್ತಿ ಮಿತಿಯೇ ಪಣಕ್ಕಿರುತ್ತದೆ. ಯಾವುದನ್ನು ನಷ್ಟ ಎಂದು ಹಿಡಿಯಬೇಕೆಂಬುದನ್ನು ವಂಚನಾ ವಿಭಾಗದವರ ಜೊತೆ ಕೂತು ಗೊತ್ತುಮಾಡಿಕೊಳ್ಳಬೇಕು. ಅದು ಗೊತ್ತಾದ ಮೇಲೆ ಇಡೀ ನಿಯಮ `p * loss > cost` ಎಂಬ ಒಂದು ಸಾಲು. ನಾಳೆ ವಿಚಾರಣೆಯ ಖರ್ಚು 5ರಿಂದ 8ಕ್ಕೆ ಏರಿದರೆ ಒಂದು ಸಂಖ್ಯೆ ಬದಲಿಸಿದರಾಯಿತು. ತೂಕ ಬೆರೆಸಿ ಕಲಿಸಿದವರು ಮಾಡೆಲ್ಲನ್ನೇ ಮತ್ತೆ ಕಲಿಸಬೇಕು. ದಿನಕ್ಕೆ ನೂರು ವಹಿವಾಟುಗಳನ್ನಷ್ಟೇ ನೋಡುವಷ್ಟು ಸಿಬ್ಬಂದಿ ಇದ್ದಲ್ಲಿ ನಿರೀಕ್ಷಿತ ನಷ್ಟದ ಕ್ರಮದಲ್ಲಿ ಮೇಲಿನ ನೂರನ್ನು ಆರಿಸಿದರೆ ಸಾಕು, ಗೆರೆ ತಾನಾಗಿ ಅಲ್ಲಿ ಬೀಳುತ್ತದೆ.

ಇಂಟರ್‌ವ್ಯೂಗೆ ತಯಾರಾಗುತ್ತಿರುವ ಹುಡುಗ ಹುಡುಗಿಯರಿಗೆ ಹೇಳುವುದಿಷ್ಟು. ಆ ಪ್ರಶ್ನೆ ಬಂದಾಗ ಮೊದಲು ನೀವೇ ಎರಡು ಪ್ರಶ್ನೆ ಕೇಳಿ: ‘ಪಾಸಿಟಿವ್ ಒಟ್ಟು ಎಷ್ಟಿವೆ ಸರ್? ಬಿಟ್ಟುಬಿಟ್ಟರೆ ಎಷ್ಟು ನಷ್ಟ, ಸುಮ್ಮನೆ ತಡೆದರೆ ಎಷ್ಟು ನಷ್ಟ?’ ಆಮೇಲೆ ಹೇಳಿ: ಮೊದಲು ಡೇಟಾವನ್ನು ಇದ್ದ ಹಾಗೇ ಇಟ್ಟು, ಸಮಯದ ಪ್ರಕಾರ ಭಾಗ ಮಾಡಿ ಮಾಡೆಲ್ ಕಲಿಸುತ್ತೇನೆ. ಪ್ರಿಸಿಷನ್-ರೀಕಾಲ್ ಕರ್ವ್ ಅನ್ನೂ ಕ್ಯಾಲಿಬ್ರೇಶನ್ನನ್ನೂ ನೋಡುತ್ತೇನೆ. ಬೆಲೆಯಿಂದ ಥ್ರೆಶೋಲ್ಡ್ ಇಡುತ್ತೇನೆ. ಸ್ಯಾಂಪ್ಲಿಂಗ್ ಅಥವಾ ತೂಕ ಬೇಕೆನಿಸಿದರೆ ಈ ಮಾಡೆಲ್ಲಿಗೆ ಎದುರಾಗಿ ನಿಲ್ಲಿಸಿ, ಸಂಭವನೀಯತೆ ತಿದ್ದಿದ ಮೇಲೆ, ಮುಟ್ಟದ ಟೆಸ್ಟ್‌ನಲ್ಲಿ ಗೆದ್ದರೆ ಮಾತ್ರ ಇಟ್ಟುಕೊಳ್ಳುತ್ತೇನೆ. ‘ಆರ್‌ಒಸಿ ಯಾಕೆ ಸಾಲದು?’ ಎಂದು ಕೇಳಿದರೆ, ಶೇ 1ರ ತಪ್ಪು ತಡೆ ಆ ಚಿತ್ರದಲ್ಲಿ ಕಡ್ಡಿಯಷ್ಟು ಕಾಣುತ್ತದೆ, ಲಕ್ಷ ವಹಿವಾಟಿನಲ್ಲಿ 998 ಜನರ ಕಾರ್ಡ್ ನಿಲ್ಲಿಸುತ್ತದೆ ಎಂದು ಲೆಕ್ಕ ಹಾಕಿ ತೋರಿಸಿ.

ಮೇಜಿನ ಆಚೆ ಕೂರುವವರಿಗೆ ನನ್ನ ಒತ್ತಾಯ ಇನ್ನೂ ಹೆಚ್ಚಿನದು. ‘ಸ್ಮೋಟ್’ ಎಂಬ ಒಂದು ಪದಕ್ಕೆ ಅಂಕ ಕೊಡುವುದನ್ನು ನಿಲ್ಲಿಸಿ. ‘ಸ್ಮೋಟ್ ಹಾಕಿದ ಮೇಲೆ ನಿಮ್ಮ ಮಾಡೆಲ್ ಶೇ 90 ಎಂದರೆ ಅದರ ಅರ್ಥವೇನು?’ ಎಂದು ಕೇಳಿ. ಕೇಳುವ ಮೊದಲು ಉತ್ತರ ನಿಮಗೆ ಗೊತ್ತಿದೆಯೇ ನೋಡಿಕೊಳ್ಳಿ. ಎಣಿಕೆ ಸಮ ಮಾಡುವುದು ಬೆಲೆ ಕೇಳದಿರಲು ಸಿಕ್ಕ ನೆಪ. ಬೆಲೆ ಕೇಳದೆ ಇಟ್ಟ ಗೆರೆ ಯಾವುದೇ ಇರಲಿ, ಅದು ತಪ್ಪು ಗೆರೆ.